ಎಲ್ಲಿ ನಿಲ್ಲಿಸಬೇಕೋ ಅಲ್ಲೇ ಕೊಂಡಿ

ಮಳೆ ಹಿಡಿದ ಮೇಲೆ ಅಡಿಕೆ ಬೆಳೆಗಾರರು ಮೊಬೈಲಿನಲ್ಲಿ ಹುಡುಕುವ ವಿಷಯಗಳಲ್ಲಿ ಕೊಳೆರೋಗ ಇದ್ದೇ ಇರುತ್ತದೆ. ಬೋರ್ಡೊ ದ್ರಾವಣಕ್ಕೆ ಮೈಲುತುತ್ತ ಎಷ್ಟು, ಸುಣ್ಣ ಎಷ್ಟು, ಮೊದಲ ಸಲ ಔಷಧಿ ಹೊಡೆದ ಎಷ್ಟು ದಿನಕ್ಕೆ ಎರಡನೆಯದು ಎಂಬ ಪ್ರಶ್ನೆಗಳವು. ಹುಡುಕಿದವರು ಯಾವುದೋ ಕನ್ನಡ ಕೃಷಿ ತಾಣದ ಲೇಖನವೊಂದಕ್ಕೆ ಬಂದು ಇಳಿಯುತ್ತಾರೆ. ಓದುತ್ತಾರೆ, ಅಳತೆ ಸಿಗುತ್ತದೆ. ಲೇಖನ ಮುಗಿದ ಕೂಡಲೇ ಕೆಳಗೆ ‘ಇತ್ತೀಚಿನ ಲೇಖನಗಳು’ ಎಂಬ ಪಟ್ಟಿ ಬರುತ್ತದೆ. ಅದರಲ್ಲಿ ಸಿರಿಧಾನ್ಯ ಮೇಳದ ವರದಿ, ಹಸುವಿನ ಕೆಚ್ಚಲು ಬಾವಿಗೆ ಮನೆಮದ್ದು, ಸಚಿವರೊಬ್ಬರ ಹೇಳಿಕೆ. ಓದುಗ ಅಲ್ಲಿಂದಲೇ ಹಿಂದಕ್ಕೆ ಹೊರಟು ಮತ್ತೆ ಗೂಗಲ್ ಸೇರುತ್ತಾನೆ.

ಅದೇ ತಾಣದಲ್ಲಿ ಔಷಧಿ ಹೊಡೆದರೂ ಕೊಳೆ ನಿಲ್ಲದಿರುವುದಕ್ಕೆ ಕಾರಣವೇನು ಎಂಬ ಲೇಖನವಿತ್ತು. ಉದುರಿದ ಕಾಯಿಗಳನ್ನು ಏನು ಮಾಡಬೇಕು ಎಂಬುದೂ ಇತ್ತು, ಬಸಿಗಾಲುವೆಯ ಆಳದ ಬಗ್ಗೆಯೂ ಇತ್ತು. ಆತನಿಗೆ ಅದು ಯಾವುದೂ ಗೊತ್ತಾಗಲಿಲ್ಲ. ಪತ್ರಿಕೆಯ ಅಭ್ಯಾಸದಲ್ಲಿ ಬೆಳೆದ ನಾವು ತಾಣಗಳನ್ನೂ ದಿನಾಂಕದ ಕ್ರಮದಲ್ಲೇ ಜೋಡಿಸುತ್ತೇವೆ. ಹೊಸದು ಮೇಲೆ ಬರುತ್ತದೆ, ಹಳೆಯದು ಕೆಳಕ್ಕೆ ಹೋಗುತ್ತದೆ. ಸುದ್ದಿಗೆ ಅದು ಸರಿ. ಬೋರ್ಡೊ ದ್ರಾವಣದ ಅಳತೆ ಮಾತ್ರ ಹಳೆಯದಾಗುವುದಿಲ್ಲ. ಎಷ್ಟೋ ವರ್ಷದ ಹಿಂದೆ ಬರೆದ ಒಳ್ಳೆಯ ಲೇಖನ ‘ಹಿಂದಿನ ಪುಟ’ ಎಂಬ ಗುಂಡಿಯನ್ನು ಹದಿನಾಲ್ಕು ಸಲ ಒತ್ತಿದರೆ ಸಿಗುವ ಜಾಗದಲ್ಲಿ ಕೂತಿರುತ್ತದೆ. ಅಷ್ಟು ಸಲ ಒತ್ತುವವರು ಯಾರೂ ಇಲ್ಲ. ಗೂಗಲ್‌ನ ಯಂತ್ರಕ್ಕೂ ಅಷ್ಟು ಆಳದಲ್ಲಿರುವ ಪುಟ ಮುಖ್ಯ ಎಂದು ತೋರುವುದಿಲ್ಲ.

ಇದಕ್ಕೆ ಜಾಲತಾಣ ನಡೆಸುವವರು ಕಂಡುಕೊಂಡ ಏರ್ಪಾಡಿಗೆ ಟಾಪಿಕ್ ಕ್ಲಸ್ಟರ್ ಎಂದು ಹೆಸರು. ಒಂದು ದೊಡ್ಡ ವಿಷಯದ ಮೇಲೆ ಇಡೀ ಚಿತ್ರ ಕೊಡುವ ಒಂದು ಲೇಖನ ನಡುವೆ ನಿಲ್ಲುತ್ತದೆ. ಅದು ಪಿಲ್ಲರ್ ಲೇಖನ. ಸುತ್ತಲೂ ಒಂದೊಂದು ಪ್ರಶ್ನೆಯನ್ನು ಪೂರ್ತಿಯಾಗಿ ಬಿಡಿಸುವ ಉಪಲೇಖನಗಳು. ಪಿಲ್ಲರ್‌ನಿಂದ ಪ್ರತಿ ಉಪಲೇಖನಕ್ಕೂ ಕೊಂಡಿ ಇರುತ್ತದೆ, ಪ್ರತಿ ಉಪಲೇಖನದಿಂದ ಪಿಲ್ಲರ್‌ಗೂ ಕೊಂಡಿ ಇರುತ್ತದೆ. 2017ರ ಸುಮಾರಿಗೆ ಅಮೆರಿಕದ ಹಬ್‌ಸ್ಪಾಟ್ ಕಂಪನಿ ಈ ಮಾತನ್ನು ಜನಪ್ರಿಯ ಮಾಡಿತು. ಅದಕ್ಕೆ ನಾಲ್ಕು ವರ್ಷ ಮೊದಲು, 2013ರಲ್ಲಿ, ಗೂಗಲ್ ತನ್ನ ಹುಡುಕಾಟ ವ್ಯವಸ್ಥೆಗೆ ‘ಹಮ್ಮಿಂಗ್‌ಬರ್ಡ್’ ಎಂಬ ಹೊಸ ರೂಪ ಕೊಟ್ಟಿತ್ತು. ಬಿಡಿ ಪದಗಳನ್ನು ಹೊಂದಿಸುವುದಕ್ಕಿಂತ ಕೇಳಿದ ಪ್ರಶ್ನೆಯ ಒಟ್ಟು ಅರ್ಥ ಹಿಡಿಯುವುದು ಅದರ ಉದ್ದೇಶ. ಒಂದೊಂದು ಪದಕ್ಕೆ ಒಂದೊಂದು ಪುಟ ಬರೆದು ಗೆಲ್ಲುವ ಹಳೆಯ ಲೆಕ್ಕ ಸಡಿಲಾದದ್ದು ಆಗಲೇ. ಹಾಗೆ ನೋಡಿದರೆ ಈ ಏರ್ಪಾಡಿನಲ್ಲಿ ತೀರಾ ಹೊಸದೇನೂ ಇಲ್ಲ. ವಿಕಿಪೀಡಿಯದ ದೊಡ್ಡ ಲೇಖನಗಳಲ್ಲಿ ಒಂದು ಉಪಶೀರ್ಷಿಕೆ, ಅದರ ಕೆಳಗೆ ‘ಮುಖ್ಯ ಲೇಖನ’ ಎಂಬ ಕೊಂಡಿ, ಆಮೇಲೆ ಎರಡು ಪ್ಯಾರಾ ಸಾರಾಂಶ ಇರುವುದನ್ನು ನೋಡಿರುತ್ತೀರಿ. ಅದೂ ಇದೇ.

ಕೇಳಲು ಇಷ್ಟು ಸುಲಭವಾದದ್ದು ಮಾಡಹೊರಟಾಗ ಕೆಡುವುದು ಹೆಚ್ಚಾಗಿ ಒಂದೇ ಜಾಗದಲ್ಲಿ. ಜನ ಕೊಂಡಿ ಎಷ್ಟಿರಬೇಕು ಎಂದು ಎಣಿಸುತ್ತಾರೆ. ಪಿಲ್ಲರ್ ಲೇಖನ ಯಾವ ಮಾತನ್ನು ಹೇಳದೆ ಬಿಡಬೇಕು ಎಂದು ಯೋಚಿಸುವುದಿಲ್ಲ. ನನ್ನ ಮಟ್ಟಿಗೆ ಇಡೀ ಕೆಲಸ ಇರುವುದು ಆ ಬಿಡುವುದರಲ್ಲೇ.

ಅಡಿಕೆಯ ಉದಾಹರಣೆಯನ್ನೇ ಮುಂದುವರಿಸೋಣ. ಒಂದು ಕೃಷಿ ತಾಣದಲ್ಲಿ ಅಡಿಕೆಯ ಮೇಲೆ ನಲವತ್ತು ಲೇಖನಗಳಿವೆ ಎಂದಿಟ್ಟುಕೊಳ್ಳಿ. ಹತ್ತು ವರ್ಷದಲ್ಲಿ ಬೇರೆ ಬೇರೆ ಕೈಗಳು ಬರೆದವು. ಮೊದಲ ಕೆಲಸ ಬರೆಯುವುದಲ್ಲ, ಪಟ್ಟಿ ಮಾಡುವುದು. ಒಂದು ಸ್ಪ್ರೆಡ್‌ಶೀಟ್ ತೆರೆದು ಪ್ರತಿ ಲೇಖನದ ವಿಳಾಸವನ್ನು ಬರೆಯಿರಿ. ಅದು ಉತ್ತರಿಸುವ ಪ್ರಶ್ನೆಯನ್ನು ಪಕ್ಕದಲ್ಲಿ ಒಂದೇ ಸಾಲಿನಲ್ಲಿ ಬರೆಯಿರಿ. ಶೀರ್ಷಿಕೆಯನ್ನು ಹಾಗೆಯೇ ನಕಲು ಮಾಡಬೇಡಿ, ಪ್ರಶ್ನೆಯನ್ನೇ ಬರೆಯಿರಿ. ‘ಕೊಳೆಗೆ ಕಡಿವಾಣ’, ‘ಅಡಿಕೆಗೆ ಮತ್ತೆ ಕೊಳೆ ಕಾಟ’, ‘ಮುಂಗಾರಿಗೆ ಮುನ್ನ ಎಚ್ಚರ’, ‘ಕೊಳೆರೋಗ: ಬೆಳೆಗಾರ ಕಂಗಾಲು’, ‘ಬೋರ್ಡೊ ಸಿಂಪಡಣೆ ಹೇಗೆ?’ ಎಂಬ ಐದು ಶೀರ್ಷಿಕೆಗಳ ಪ್ರಶ್ನೆಗಳನ್ನು ಬರೆದರೆ ನಾಲ್ಕರ ಪ್ರಶ್ನೆ ಒಂದೇ ಎಂದು ಕಾಣುತ್ತದೆ. ಕೊಳೆರೋಗ ಯಾಕೆ ಬರುತ್ತದೆ, ಹೇಗೆ ತಡೆಯುವುದು ಎಂಬುದಷ್ಟೆ. ಪ್ರತಿವರ್ಷ ಮಳೆಗಾಲದಲ್ಲಿ ಒಬ್ಬೊಬ್ಬರು ಹೊಸದಾಗಿ ಬರೆದಿದ್ದಾರೆ.

ಒಂದೇ ತಾಣದ ನಾಲ್ಕು ಪುಟಗಳು ಒಂದೇ ಪ್ರಶ್ನೆಗೆ ಉತ್ತರ ಕೊಡುತ್ತಿದ್ದರೆ ಅವು ಪರಸ್ಪರ ಪೈಪೋಟಿಗೆ ಬೀಳುತ್ತವೆ. ಗೂಗಲ್‌ನ ಸರ್ಚ್ ಕನ್ಸೋಲ್ ಎಂಬ ಉಚಿತ ಸಾಧನದಲ್ಲಿ ಇದನ್ನು ಕಣ್ಣಾರೆ ನೋಡಬಹುದು. ‘ಕೊಳೆರೋಗ’ ಎಂಬ ಹುಡುಕುಪದವನ್ನು ಆಯ್ದು, ಅದಕ್ಕೆ ಯಾವ ಯಾವ ಪುಟಗಳು ಕಾಣಿಸಿಕೊಂಡವು ಎಂದು ಕೇಳಿ. ಒಂದು ವಾರ ಒಂದು ಪುಟ ಮುಂದಿದ್ದು ಮರುವಾರ ಇನ್ನೊಂದು ಬಂದಿದ್ದರೆ, ಯಾವುದೂ ನೆಲೆ ನಿಂತಿರದಿದ್ದರೆ, ಅದೇ ಗುರುತು. ಆಗ ನಾಲ್ಕರಲ್ಲಿ ಚೆನ್ನಾಗಿ ಓದಿಸಿಕೊಳ್ಳುತ್ತಿರುವ ಒಂದನ್ನು ಉಳಿಸಿಕೊಳ್ಳಬೇಕು. ಉಳಿದ ಮೂರರಲ್ಲಿ ಅದರಲ್ಲಿಲ್ಲದ ಸಂಗತಿ ಏನಿದೆಯೋ ಅದನ್ನು ತಂದು ಸೇರಿಸಬೇಕು. ಆ ಮೂರರ ವಿಳಾಸಗಳನ್ನು ಉಳಿದದ್ದಕ್ಕೆ ಶಾಶ್ವತವಾಗಿ ತಿರುಗಿಸಬೇಕು. ಇದನ್ನು 301 ಮರುನಿರ್ದೇಶನ ಎನ್ನುತ್ತಾರೆ. ಕನಿಷ್ಠ ಒಂದು ವರ್ಷ ಅದನ್ನು ತೆಗೆಯಬೇಡಿ ಎನ್ನುವುದು ಗೂಗಲ್‌ನ ಸಲಹೆ. ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹಳೆಯ ವಿಳಾಸ ಓಡಾಡುತ್ತಲೇ ಇರುವ ನಮ್ಮ ಕಡೆ ಎಂದೂ ತೆಗೆಯದಿರುವುದೇ ಮೇಲು.

ಇಲ್ಲಿ ಸಂಪಾದಕರಿಗೆ ಸಂಕಟವಾಗುತ್ತದೆ. ಲೇಖನ ಬರೆದವರ ಹೆಸರು ಹೋಗುತ್ತದಲ್ಲ ಎಂಬ ಮುಜುಗರ. ಉಳಿದ ಲೇಖನದ ಕೆಳಗೆ ಎಲ್ಲರ ಹೆಸರನ್ನೂ ಹಾಕಿದರೆ ಮುಗಿಯಿತು. ಮುಜುಗರಕ್ಕೆ ಹೆದರಿ ನಾಲ್ಕನ್ನೂ ಉಳಿಸಿಕೊಂಡರೆ ಮುಂದೆ ಎಷ್ಟು ಕೊಂಡಿ ಹಾಕಿದರೂ ಪ್ರಯೋಜನವಿಲ್ಲ, ಯಾವುದಕ್ಕೆ ಹಾಕಬೇಕು ಎಂದು ನಿಮಗೇ ತಿಳಿದಿರುವುದಿಲ್ಲ.

ಹೀಗೆ ಜರಡಿ ಹಿಡಿದ ಮೇಲೆ ನಲವತ್ತು ಲೇಖನಗಳು ಇಪ್ಪತ್ತೈದಕ್ಕೋ ಇಪ್ಪತ್ತಕ್ಕೋ ಇಳಿದು ಎಂಟು ಗುಂಪುಗಳಾಗುತ್ತವೆ ಎನ್ನೋಣ. ತಳಿ ಮತ್ತು ಸಸಿ, ನೆಡುವ ಅಂತರ, ನೀರು ಮತ್ತು ಬಸಿಗಾಲುವೆ, ಗೊಬ್ಬರ, ಕೊಳೆರೋಗ, ಎಲೆಯ ರೋಗಗಳು, ಮಿಶ್ರಬೆಳೆ, ಕೊಯ್ಲು ಮತ್ತು ಸಂಸ್ಕರಣೆ. ಪ್ರತಿ ಗುಂಪಿಗೂ ಒಂದು ಮುಂದಾಳು ಲೇಖನ ಬೇಕು. ಈಗ ಪಿಲ್ಲರ್ ಬರೆಯಲು ಕೂರಬಹುದು.

‘ಅಡಿಕೆ ಕೃಷಿ’ ಎಂಬ ಪಿಲ್ಲರ್ ಲೇಖನವನ್ನು ಇಬ್ಬರು ಎರಡು ರೀತಿಯಲ್ಲಿ ಕೆಡಿಸುತ್ತಾರೆ. ಒಬ್ಬರು ಅದನ್ನು ಬರಿಯ ಪಟ್ಟಿ ಮಾಡುತ್ತಾರೆ. ಎಂಟು ಶೀರ್ಷಿಕೆ, ಪ್ರತಿಯೊಂದರ ಕೆಳಗೂ ಮೂರು ಕೊಂಡಿ, ನಡುವೆ ಓದಲು ಏನೂ ಇಲ್ಲ. ಅಂಥ ಪುಟಕ್ಕೆ ಬಂದವರಿಗೆ ಏನೂ ತಿಳಿಯುವುದಿಲ್ಲ, ಹುಡುಕಾಟದಲ್ಲೂ ಅದು ಮೇಲೆ ಬರುವ ಕಾರಣವಿಲ್ಲ. ಇನ್ನೊಬ್ಬರು ಎಲ್ಲವನ್ನೂ ಅದರಲ್ಲೇ ತುಂಬುತ್ತಾರೆ. ಕೊಳೆರೋಗದ ಭಾಗದಲ್ಲಿ ದ್ರಾವಣದ ಅಳತೆ, ಬೆರೆಸುವ ಕ್ರಮ, ಪರೀಕ್ಷೆ ಎಲ್ಲವನ್ನೂ ಬರೆದುಬಿಡುತ್ತಾರೆ. ಆಗ ಕೊಳೆರೋಗದ ಉಪಲೇಖನಕ್ಕೆ ಹೋಗಲು ಓದುಗನಿಗೆ ಕಾರಣವೇ ಉಳಿಯುವುದಿಲ್ಲ. ಕಷ್ಟಪಟ್ಟು ನಿವಾರಿಸಿಕೊಂಡ ಪೈಪೋಟಿ ಈಗ ಪಿಲ್ಲರ್ ಮತ್ತು ಉಪಲೇಖನದ ನಡುವೆ ಮತ್ತೆ ಶುರುವಾಗುತ್ತದೆ.

ಸರಿಯಾದ ಜಾಗ ಇವೆರಡರ ನಡುವೆ ಇದೆ, ಅದನ್ನು ಪ್ರತಿ ಭಾಗಕ್ಕೂ ಹೊಸದಾಗಿ ಹುಡುಕಬೇಕು. ಕೊಳೆರೋಗದ ಭಾಗವನ್ನು ನಾನು ಬರೆದರೆ ಹೀಗೆ ಬರೆದೇನು:

‘ಮಳೆಗಾಲದಲ್ಲಿ ಎಳೆಯ ಕಾಯಿಗಳ ಮೇಲೆ ನೀರಲ್ಲಿ ನೆನೆದಂಥ ಕಲೆ ಮೂಡಿ, ಕಾಯಿ ಕೊಳೆತು ಉದುರುವುದೇ ಕೊಳೆರೋಗ. ಫೈಟಾಫ್ತೊರಾ ಎಂಬ ಸೂಕ್ಷ್ಮಜೀವಿ ಇದಕ್ಕೆ ಕಾರಣ. ಬಿಡದೆ ಸುರಿಯುವ ಮಳೆ ಅದಕ್ಕೆ ಅನುಕೂಲ. ಮೈಸೂರು ಸಂಸ್ಥಾನದಲ್ಲಿ ಕೃಷಿ ಇಲಾಖೆ ಕಟ್ಟಿದ ಲೆಸ್ಲಿ ಕೋಲ್ಮನ್ 1910ರಲ್ಲೇ ಈ ರೋಗದ ಅಧ್ಯಯನ ಪ್ರಕಟಿಸಿದ್ದರು. ಇಂದಿಗೂ ಮುಖ್ಯ ರಕ್ಷಣೆ ಮಳೆ ಹಿಡಿಯುವ ಮೊದಲು ಗೊನೆಗಳಿಗೆ ಶೇ 1ರ ಬೋರ್ಡೊ ದ್ರಾವಣ ಹೊಡೆಯುವುದು, 40–45 ದಿನದ ಮೇಲೆ ಇನ್ನೊಮ್ಮೆ. ದ್ರಾವಣವನ್ನು ಅಂದಂದೇ ಮಾಡಿ ಅಂದಂದೇ ಮುಗಿಸಬೇಕು. ಬೆರೆಸುವ ಕ್ರಮ ತಪ್ಪಿದರೆ ಹೊಡೆದದ್ದು ವ್ಯರ್ಥವಾಗುತ್ತದೆ: ಬೋರ್ಡೊ ದ್ರಾವಣ ತಯಾರಿಸುವ ಕ್ರಮ ಮತ್ತು ಪರೀಕ್ಷೆ. ಹೊಡೆದ ಮೇಲೂ ರೋಗ ನಿಲ್ಲದಿದ್ದರೆ ಕಾರಣ ತೋಟದಲ್ಲೇ ಇರಬಹುದು: ಔಷಧಿ ಹೊಡೆದರೂ ಕೊಳೆ ಬರುವುದೇಕೆ.’

ಇಲ್ಲಿ ರೋಗ ಏನು, ಯಾವಾಗ ಬರುತ್ತದೆ, ಏನು ಮಾಡಬೇಕು, ಯಾವಾಗ ಮಾಡಬೇಕು ಎಂಬುದೆಲ್ಲ ಇದೆ. ತೋಟ ಮಾಡಲು ಹೊರಟವನಿಗೆ ಇಡೀ ವರ್ಷದ ಕೆಲಸದಲ್ಲಿ ಇದು ಎಲ್ಲಿ ಬರುತ್ತದೆ ಎಂದು ತಿಳಿಯಲು ಇಷ್ಟು ಸಾಕು. ಇಲ್ಲದ್ದು ಎಂದರೆ ಹೇಗೆ ಮಾಡಬೇಕು ಎಂಬುದು. ಒಂದು ಕಿಲೋ ಮೈಲುತುತ್ತವನ್ನು 50 ಲೀಟರ್ ನೀರಲ್ಲಿ, ಒಂದು ಕಿಲೋ ಸುಣ್ಣವನ್ನು ಇನ್ನೊಂದು 50 ಲೀಟರಿನಲ್ಲಿ ಬೇರೆ ಬೇರೆ ಕರಗಿಸಬೇಕು. ಕಬ್ಬಿಣದ ಪಾತ್ರೆ ಬಳಸಬಾರದು. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಕಲಕುತ್ತ ಸುರಿಯಬೇಕು. ಆಮೇಲೆ ಹೊಳೆಯುವ ಕತ್ತಿಯ ಅಲಗನ್ನು ಅದ್ದಿ ನೋಡಬೇಕು. ಅಲಗಿಗೆ ತಾಮ್ರದ ಕೆಂಪು ಹತ್ತಿದರೆ ಇನ್ನಷ್ಟು ಸುಣ್ಣ ಸೇರಿಸಬೇಕು. ಇದೆಲ್ಲ ಉಪಲೇಖನದ ಆಸ್ತಿ. ಹೊಲದಲ್ಲಿ ಡ್ರಮ್ಮಿನ ಮುಂದೆ ನಿಂತವನಿಗೆ ಬೇಕಾದದ್ದು, ಕುರ್ಚಿಯಲ್ಲಿ ಕೂತು ಯೋಜನೆ ಹಾಕುವವನಿಗೆ ಬೇಡದ್ದು. ಪಿಲ್ಲರ್ ಮತ್ತು ಉಪಲೇಖನದ ಗಡಿಯನ್ನು ಹೀಗೆ ಓದುಗ ನಿಂತ ಜಾಗ ನೋಡಿ ಎಳೆಯಬಹುದು. ನಾನು ಕಂಡ ಮಟ್ಟಿಗೆ ಬೇರೆ ಯಾವ ಅಳತೆಗೋಲಿಗಿಂತಲೂ ಇದು ಚೆನ್ನಾಗಿ ಕೆಲಸ ಮಾಡುತ್ತದೆ.

ಕೊಂಡಿ ಬಿದ್ದಿರುವ ಜಾಗವನ್ನೂ ನೋಡಿ. ‘ಬೆರೆಸುವ ಕ್ರಮ ತಪ್ಪಿದರೆ ವ್ಯರ್ಥ’ ಎಂದು ಓದಿದ ತಕ್ಷಣ ಹಾಗಾದರೆ ಕ್ರಮ ಏನು ಎಂಬ ಪ್ರಶ್ನೆ ಏಳುತ್ತದೆ. ಕೊಂಡಿ ಆ ಪ್ರಶ್ನೆಯ ಬೆನ್ನಿಗೇ ಇದೆ. ಅದನ್ನೇ ಲೇಖನದ ಕಟ್ಟಕಡೆಗೆ ‘ಇದನ್ನೂ ಓದಿ’ ಎಂಬ ಪೆಟ್ಟಿಗೆಗೆ ಹಾಕಿದರೆ ಪ್ರಶ್ನೆ ಅಷ್ಟರಲ್ಲಿ ಮರೆತುಹೋಗಿರುತ್ತದೆ. ಪುಟದಲ್ಲಿ ಎದ್ದುಕಾಣುವ ಕೊಂಡಿಗೆ ಹೆಚ್ಚು, ಮೂಲೆಯಲ್ಲಿರುವುದಕ್ಕೆ ಕಡಿಮೆ ತೂಕ ಕೊಡುವ ವಿಧಾನಕ್ಕೆ ಗೂಗಲ್ 2010ರಲ್ಲಿ ಪೇಟೆಂಟ್ ಪಡೆದಿದೆ. ಓದುಗ ಒತ್ತುವ ಸಾಧ್ಯತೆ ಎಷ್ಟು ಎಂಬುದೇ ಅದರ ಆಧಾರ. ಅದನ್ನು ಇಂದು ಎಷ್ಟರಮಟ್ಟಿಗೆ ಬಳಸುತ್ತಾರೋ ಹೊರಗಿನವರಿಗೆ ತಿಳಿಯದು, ಓದುಗನ ಲೆಕ್ಕದಲ್ಲಂತೂ ಅದು ನಿಜ.

ಕೊಂಡಿ ಹಾಕಿದ ಪದಗಳು ಹೋಗುವ ಪುಟದ ಬಗ್ಗೆ ಏನಾದರೂ ಹೇಳಬೇಕು. ‘ಇಲ್ಲಿ ಕ್ಲಿಕ್ ಮಾಡಿ’ ಎಂಬುದು ಏನನ್ನೂ ಹೇಳುವುದಿಲ್ಲ. ಕೊಂಡಿ ನಿಜವಾದ ಕೊಂಡಿಯಾಗಿಯೂ ಇರಬೇಕು. ಈ ಕೆಳಗಿನ ಎರಡು ಸಾಲುಗಳು ಪರದೆಯ ಮೇಲೆ ಒಂದೇ ಥರ ಕಾಣುವಂತೆ ಮಾಡಬಹುದು, ಆದರೆ ಗೂಗಲ್‌ನ ಯಂತ್ರ ನೆಚ್ಚಿಕೊಂಡು ಹಿಂಬಾಲಿಸುವುದು ಮೊದಲನೆಯದನ್ನು ಮಾತ್ರ:

```html
<a href="/adike/bordo-dravana/">ಬೋರ್ಡೊ ದ್ರಾವಣ ತಯಾರಿಸುವ ಕ್ರಮ</a>
<span onclick="hogu('bordo-dravana')">ಬೋರ್ಡೊ ದ್ರಾವಣ ತಯಾರಿಸುವ ಕ್ರಮ</span>
```

ಎರಡನೆಯ ರೀತಿ ಸಾಮಾನ್ಯವಾಗಿ ಸಿದ್ಧ ವಿನ್ಯಾಸಗಳ ಜೊತೆ ಒಳಗೆ ಬರುತ್ತದೆ. ತಾಣ ನಡೆಸುವವರಿಗೆ ಅದು ಇದೆ ಎಂದೇ ಗೊತ್ತಿರುವುದಿಲ್ಲ.

ಕನ್ನಡದಲ್ಲಿ ಇನ್ನೊಂದು ತೊಡಕಿದೆ. ಲೇಖನಗಳಲ್ಲಿ ಒಂದು ಪದ ಬಂದಲ್ಲೆಲ್ಲ ತಾನೇ ಕೊಂಡಿ ಹಾಕುವ ತಂತ್ರಾಂಶಗಳು ಸಿಗುತ್ತವೆ. ಅವನ್ನು ಮಾಡಿದವರು ಇಂಗ್ಲಿಷನ್ನು ಮನಸ್ಸಲ್ಲಿಟ್ಟುಕೊಂಡು ಮಾಡಿರುತ್ತಾರೆ, ವಿಭಕ್ತಿ ಅವುಗಳಿಗೆ ಅರ್ಥವಾಗುವುದಿಲ್ಲ. ಪೂರ್ತಿ ಪದ ಹೊಂದಬೇಕು ಎಂದು ಹೇಳಿದರೆ ‘ಕೊಳೆರೋಗ’ ಸಿಗುತ್ತದೆ, ‘ಕೊಳೆರೋಗಕ್ಕೆ’, ‘ಕೊಳೆರೋಗದಿಂದ’, ‘ಕೊಳೆ ರೋಗ’ ಎಲ್ಲ ಕೈತಪ್ಪುತ್ತವೆ. ಪದದ ಒಂದು ಭಾಗ ಹೊಂದಿದರೂ ಸಾಕು ಎಂದರೆ ‘ನೀರು’ ಎಂಬುದಕ್ಕೆ ಹಾಕಿದ ನೀರಾವರಿಯ ಕೊಂಡಿ ‘ನೀರುಳ್ಳಿ’ಯ ಮೊದಲರ್ಧಕ್ಕೂ ಅಂಟಿಕೊಳ್ಳುತ್ತದೆ. ‘ರೋಗ’ ಎಂದು ಕೊಟ್ಟರೆ ‘ರೋಗಿ’ಯಲ್ಲಿ ಗುಡಿಸು ಹೊರಗುಳಿದು ಅಕ್ಷರವೇ ಒಡೆದು ಕಾಣಬಹುದು. ಇಪ್ಪತ್ತು ಇಪ್ಪತ್ತೈದು ಲೇಖನಗಳ ಗುಚ್ಛಕ್ಕೆ ಕೈಯಲ್ಲೇ ಕೊಂಡಿ ಹಾಕುವುದು ಒಂದೆರಡು ಮಧ್ಯಾಹ್ನದ ಕೆಲಸ. ಹಾಕುವಾಗ ಪ್ರತ್ಯಯವನ್ನೂ ಸೇರಿಸಿ ಇಡೀ ಪದಕ್ಕೆ ಹಾಕಿ. ಎಲ್ಲೆಲ್ಲಿ ಹಾಕಬಹುದು ಎಂದು ಹುಡುಕಲು ಗೂಗಲ್‌ನಲ್ಲಿ ನಿಮ್ಮ ತಾಣದ ಹೆಸರಿನೊಂದಿಗೆ `site:example.com ಕೊಳೆರೋಗ` ಎಂದು ಹೊಡೆಯಿರಿ, ಆಮೇಲೆ ‘ಕೊಳೆ’ ಎಂದಷ್ಟೇ ಹೊಡೆದು ಇನ್ನೊಮ್ಮೆ ನೋಡಿ.

ವಿಳಾಸದಲ್ಲಿ ಕನ್ನಡ ಲಿಪಿ ಇಡಬೇಕೇ ಎಂದು ಕೇಳುವವರಿದ್ದಾರೆ. ಇಡಬಹುದು, ಗೂಗಲ್‌ಗೆ ತೊಂದರೆಯಿಲ್ಲ. ಆದರೆ ‘ಅಡಿಕೆ’ ಎಂಬ ಪುಟ್ಟ ಪದ ನಕಲು ಮಾಡಿ ಕಳಿಸಿದಾಗ ಹೀಗಾಗುತ್ತದೆ:

```
%E0%B2%85%E0%B2%A1%E0%B2%BF%E0%B2%95%E0%B3%86
```

45 ಅಕ್ಷರ. ನಾಲ್ಕು ಪದದ ಶೀರ್ಷಿಕೆಯಾದರೆ ವಿಳಾಸ ಅರ್ಧ ಪರದೆ ತುಂಬುತ್ತದೆ. ನಾನಾದರೆ ಚಿಕ್ಕ ಇಂಗ್ಲಿಷ್ ಅಕ್ಷರದ ವಿಳಾಸ ಇಟ್ಟು ಮುಂದಿನ ಕೆಲಸಕ್ಕೆ ಹೋಗುತ್ತೇನೆ. ಈಗಾಗಲೇ ಕನ್ನಡದಲ್ಲಿರುವುದನ್ನು ಇದೊಂದಕ್ಕಾಗಿ ಬದಲಿಸಲು ಹೋಗುವುದಿಲ್ಲ.

ಇನ್ನು ಉಪಲೇಖನಗಳು ತಮ್ಮತಮ್ಮಲ್ಲಿ ಎಷ್ಟು ಕೊಂಡಿ ಹಾಕಿಕೊಳ್ಳಬೇಕು ಎಂಬ ಪ್ರಶ್ನೆ. ಇದಕ್ಕೆ ಅಂದಾಜಿನ ಉತ್ತರಗಳೇ ಹೆಚ್ಚು ಓಡಾಡುತ್ತವೆ. ಲೆಕ್ಕ ಹಾಕಿಯೇ ನೋಡಬಹುದು. 1998ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿದ್ದ ಲ್ಯಾರಿ ಪೇಜ್ ಮತ್ತು ಸರ್ಗಿ ಬ್ರಿನ್ ವಿವರಿಸಿದ ಪೇಜ್‌ರ್‍ಯಾಂಕ್ ಸೂತ್ರ ಅದಕ್ಕೆ ಸಾಕು. ಗುರಿಯಿಲ್ಲದೆ ಕ್ಲಿಕ್ ಮಾಡುತ್ತಾ ಹೋಗುವ ಒಬ್ಬ ಓದುಗನನ್ನು ಆ ಸೂತ್ರ ಊಹಿಸಿಕೊಳ್ಳುತ್ತದೆ. ಆತ ನೂರಕ್ಕೆ 85 ಸಲ ತಾನಿರುವ ಪುಟದ ಯಾವುದಾದರೊಂದು ಕೊಂಡಿಯನ್ನು ಒತ್ತುತ್ತಾನೆ. ಉಳಿದ 15 ಸಲ ಬೇಸತ್ತು ಎಲ್ಲಿಗೋ ಹಾರುತ್ತಾನೆ. ಬಹಳ ಹೊತ್ತು ಹೀಗೆ ಅಲೆದರೆ ಯಾವ ಪುಟದಲ್ಲಿ ಎಷ್ಟು ಪಾಲು ಹೊತ್ತು ಕಳೆದ ಎಂಬುದೇ ಆ ಪುಟದ ತೂಕ.

ನಮ್ಮ ಪಿಲ್ಲರ್ ಒಂದು, ಮುಂದಾಳು ಉಪಲೇಖನಗಳು ಎಂಟು. ಒಟ್ಟು ಒಂಬತ್ತೇ ಪುಟಗಳ ಪ್ರಪಂಚ ಎಂದುಕೊಳ್ಳೋಣ. ಪಿಲ್ಲರ್ ಎಂಟಕ್ಕೂ ಕೊಂಡಿ ಹಾಕುತ್ತದೆ, ಎಂಟೂ ಪಿಲ್ಲರ್‌ಗೆ ಮಾತ್ರ ಹಾಕುತ್ತವೆ. ಆಗ ಆ ಅಲೆಮಾರಿ ಓದುಗ ತನ್ನ ಹೊತ್ತಿನಲ್ಲಿ ನೂರಕ್ಕೆ 47 ಪಾಲು ಪಿಲ್ಲರ್‌ನಲ್ಲೇ ಇರುತ್ತಾನೆ. ಒಂದೊಂದು ಉಪಲೇಖನಕ್ಕೆ ಸಿಗುವುದು 6.6. ಈಗ ಪ್ರತಿ ಉಪಲೇಖನವೂ ಪಿಲ್ಲರ್‌ನ ಜೊತೆಗೆ ತನ್ನ ಪಕ್ಕದ ಒಂದೇ ಒಂದು ಉಪಲೇಖನಕ್ಕೆ ಕೊಂಡಿ ಹಾಕಲಿ, ಬಸಿಗಾಲುವೆಯದು ಗೊಬ್ಬರಕ್ಕೆ, ಗೊಬ್ಬರದ್ದು ಕೊಳೆರೋಗಕ್ಕೆ ಹೀಗೆ ಸುತ್ತು ಬರಲಿ. ಪಿಲ್ಲರ್ 31ಕ್ಕೆ ಇಳಿಯುತ್ತದೆ, ಉಪಲೇಖನ 8.6ಕ್ಕೆ ಏರುತ್ತದೆ. ಕೊನೆಗೆ ಎಂಟರಲ್ಲಿ ಪ್ರತಿಯೊಂದೂ ಉಳಿದ ಎಲ್ಲಕ್ಕೂ ಕೊಂಡಿ ಹಾಕಿದರೆ ಒಂಬತ್ತೂ ಸಮ, ತಲಾ 11. ನಡುವಿನ ಲೇಖನ ಯಾವುದು ಎಂದು ಆ ಸೂತ್ರಕ್ಕೆ ಇನ್ನು ಗುರುತಿಸಲಾಗದು.

ಪ್ರತಿ ಲೇಖನದ ಅಡಿಯಲ್ಲೂ ‘ಅಡಿಕೆಯ ಎಲ್ಲ ಲೇಖನಗಳು’ ಎಂಬ ಪೆಟ್ಟಿಗೆ ಇಡುವವರು ತಿಳಿಯದೆ ಮಾಡುವುದು ಈ ಕೊನೆಯದನ್ನೇ. ಅದು ತಪ್ಪೇ ಎಂದರೆ, ಯಾವಾಗಲೂ ಅಲ್ಲ. ಉಪಲೇಖನಗಳ ಪಾಲು ಹೆಚ್ಚಿರುವುದು ಅಲ್ಲಿಯೇ ತಾನೆ. ನಿಮ್ಮ ಓದುಗರು ‘ಅಡಿಕೆ ಕೃಷಿ’ ಎಂದು ಎಂದೂ ಹುಡುಕದೆ ಬರಿಯ ಬಿಡಿ ಪ್ರಶ್ನೆಗಳನ್ನೇ ಕೇಳುವವರಾದರೆ ಪಿಲ್ಲರ್‌ಗೆ 47 ಪಾಲು ಕೊಟ್ಟು ಮಾಡುವುದೇನು? ನನ್ನ ಒಲವು ನಡುವಿನ ದಾರಿಗೆ. ಓದಿನ ನಡುವೆ ನಿಜವಾಗಿ ಬೇಕೆನಿಸುವ ಕಡೆ ಮಾತ್ರ ಒಂದೋ ಎರಡೋ ಅಡ್ಡಕೊಂಡಿ. ಬಸಿಗಾಲುವೆ ಲೇಖನದಲ್ಲಿ ನೀರು ನಿಂತ ತೋಟದ ಮಾತು ಬಂದಾಗ ಕೊಳೆರೋಗಕ್ಕೆ ಕೊಂಡಿ ಬೇಕು. ತಳಿಯ ಲೇಖನದಿಂದ ಚಾಲಿ ಒಣಗಿಸುವ ಲೇಖನಕ್ಕೆ ಬೇಡ.

ಈ ಲೆಕ್ಕ ಆಟಿಕೆಯಷ್ಟೆ. ನಿಜವಾದ ತಾಣಕ್ಕೆ ಮೆನು ಇರುತ್ತದೆ, ಮುಖಪುಟ ಇರುತ್ತದೆ, ಹೊರಗಿನವರು ಹಾಕಿದ ಕೊಂಡಿಗಳಿರುತ್ತವೆ. ಗೂಗಲ್ ಇಂದು ನೋಡುವ ಸಂಗತಿಗಳಲ್ಲಿ ಕೊಂಡಿ ಒಂದು ಮಾತ್ರ. ಆದರೂ ಈ ಅಂಕಿಗಳಲ್ಲಿ ಒಂದನ್ನು ಗೋಡೆಗೆ ಬರೆದು ಅಂಟಿಸಬಹುದು. ಒಂಬತ್ತರಲ್ಲಿ ಯಾವ ಪುಟಕ್ಕೆ ಯಾರೂ ಕೊಂಡಿ ಹಾಕಿಲ್ಲವೋ ಅದರ ಪಾಲು 1.7. ಅದು ಬೇಸತ್ತು ಹಾರಿದವನು ಆಕಸ್ಮಿಕವಾಗಿ ಬಂದು ಬಿದ್ದ ಲೆಕ್ಕ. ಆ ಪುಟ ತಾನು ಎಷ್ಟು ಕಡೆಗೆ ಕೊಂಡಿ ಹಾಕಿದರೂ ಅದರ ಪಾಲು ಒಂದಿಷ್ಟೂ ಏರುವುದಿಲ್ಲ.

ಇಂಥ ಅನಾಥ ಪುಟಗಳು ಹುಟ್ಟುವುದು ಹೊಸ ಲೇಖನ ಬರೆದಾಗ. ಬರೆಯುವವರು ಹೊಸ ಲೇಖನದಿಂದ ಪಿಲ್ಲರ್‌ಗೆ ಕೊಂಡಿ ಹಾಕುತ್ತಾರೆ, ಅದು ಕಣ್ಣೆದುರಿಗಿರುವ ಪುಟ. ಪಿಲ್ಲರ್ ತೆರೆದು ಅಲ್ಲಿಂದ ಹೊಸದಕ್ಕೆ ಹಾಕುವುದು ಮರೆಯುತ್ತದೆ. ಸರ್ಚ್ ಕನ್ಸೋಲ್‌ನಲ್ಲಿ ಕೊಂಡಿಗಳ ವರದಿ ತೆರೆದರೆ ಒಳಕೊಂಡಿಗಳ ಪಟ್ಟಿ ಸಿಗುತ್ತದೆ, ಯಾವ ಪುಟಕ್ಕೆ ಎಷ್ಟು ಎಂದು. ‘ಅಡಿಕೆ ಕೃಷಿ’ ಅದರಲ್ಲಿ ಮೇಲಿನ ಸಾಲುಗಳಲ್ಲಿ ಇಲ್ಲದಿದ್ದರೆ ಗುಚ್ಛ ಇನ್ನೂ ಕಟ್ಟಿಕೊಂಡಿಲ್ಲ. ಆ ಪಟ್ಟಿಯನ್ನು ನಿಮ್ಮ ಸ್ಪ್ರೆಡ್‌ಶೀಟಿನ ಪಕ್ಕ ಇಟ್ಟು ನೋಡಿ, ಸ್ಪ್ರೆಡ್‌ಶೀಟಿನಲ್ಲಿದ್ದು ಪಟ್ಟಿಯಲ್ಲಿ ಇಲ್ಲದ್ದೇ ಅನಾಥ. ಸ್ಕ್ರೀಮಿಂಗ್ ಫ್ರಾಗ್ ಎಂಬ ತಂತ್ರಾಂಶ 500 ವಿಳಾಸಗಳವರೆಗೆ ಪುಕ್ಕಟೆಯಾಗಿ ತಾಣವನ್ನು ಜಾಲಾಡಿ, ಮುಖಪುಟದಿಂದ ಪ್ರತಿ ಪುಟ ಎಷ್ಟು ಕ್ಲಿಕ್ ದೂರ ಎಂದೂ ಹೇಳುತ್ತದೆ. ಸಣ್ಣ ತಾಣದಲ್ಲಿ ಮೂರಕ್ಕಿಂತ ದೂರವಿದ್ದರೆ ಯಾಕೆ ಎಂದು ಕೇಳಿಕೊಳ್ಳಬೇಕು.

ಹಳೆಯ ವಿಳಾಸಗಳ ಕಥೆ ಇನ್ನೊಂದು. ನಾಲ್ಕು ಲೇಖನ ಒಂದಾದಾಗ ಮರುನಿರ್ದೇಶನ ಹಾಕಿದೆವಲ್ಲ, ತಾಣದ ಒಳಗೆ ಹಳೆಯ ವಿಳಾಸಕ್ಕೆ ಇದ್ದ ಕೊಂಡಿಗಳನ್ನು ಹಾಗೆಯೇ ಬಿಟ್ಟುಬಿಡುತ್ತೇವೆ. ಎರಡು ವರ್ಷದ ಮೇಲೆ ಆ ಒಂದನ್ನೂ ಬೇರೆಡೆ ಸಾಗಿಸಿದರೆ ಒಂದರ ಹಿಂದೆ ಒಂದು ತಿರುವು ಬೆಳೆಯುತ್ತದೆ. ಗೂಗಲ್‌ನ ಯಂತ್ರ ಹತ್ತು ತಿರುವಿನವರೆಗೆ ಹಿಂಬಾಲಿಸುತ್ತದೆ, ಹಳ್ಳಿಯ ನಿಧಾನ ನೆಟ್‌ವರ್ಕಿನಲ್ಲಿ ಕಾಯುವ ಮನುಷ್ಯ ಅಷ್ಟು ಕಾಯುವುದಿಲ್ಲ. ಹೊರಗಿನವರ ಕೊಂಡಿಗಳು ನಮ್ಮ ಕೈಯಲ್ಲಿಲ್ಲ. ಒಳಗಿನವು ನೇರವಾಗಿ ಕೊನೆಯ ವಿಳಾಸಕ್ಕೇ ಹೋಗಬೇಕು.

ಕೆಲವರು ಪಿಲ್ಲರ್‌ಗೆ ತೂಕ ಉಳಿಸಲೆಂದು ಮೆನುವಿನ ಕೊಂಡಿಗಳಿಗೆ `nofollow` ಎಂಬ ಗುರುತು ಹಾಕುತ್ತಾರೆ. 2009ರಲ್ಲೇ ಗೂಗಲ್‌ನ ಮ್ಯಾಟ್ ಕಟ್ಸ್ ಇದರಿಂದ ಲಾಭವಿಲ್ಲ ಎಂದು ತಿಳಿಸಿದ್ದಾರೆ. ತಡೆದ ಕೊಂಡಿಯ ಪಾಲು ಉಳಿದ ಕೊಂಡಿಗಳಿಗೆ ಹಂಚಿಕೆಯಾಗದೆ ಆವಿಯಾಗುತ್ತದೆ. ಈಗಲೂ ಇದನ್ನು ಗುಟ್ಟಿನ ಉಪಾಯವೆಂದು ಮಾರುವವರಿದ್ದಾರೆ.

ಗುಚ್ಛ ಕೆಲಸ ಮಾಡಿತೇ ಎಂದು ನೋಡುವುದರಲ್ಲಿ ಅಡಿಕೆಯಂಥ ವಿಷಯಕ್ಕೆ ವಿಶೇಷ ಎಚ್ಚರ ಬೇಕು. ಫೆಬ್ರುವರಿಯಲ್ಲಿ ಕೊಂಡಿಗಳನ್ನು ಸರಿಪಡಿಸಿ ಜುಲೈನಲ್ಲಿ ನೋಡಿದರೆ ಕೊಳೆರೋಗದ ಪುಟಕ್ಕೆ ಓದುಗರು ಹಲವು ಪಟ್ಟು ಹೆಚ್ಚಿರಬಹುದು. ಅದು ಮಳೆಯ ಕೃಪೆಯೂ ಆಗಿರಬಹುದು. ಸರ್ಚ್ ಕನ್ಸೋಲ್ 16 ತಿಂಗಳ ಲೆಕ್ಕ ಇಟ್ಟಿರುತ್ತದೆ, ಈ ಜುಲೈಯನ್ನು ಹೋದ ಜುಲೈ ಜೊತೆ ಹೋಲಿಸಲು ಅಷ್ಟು ಸಾಕು. ಬರಿಯ ಕ್ಲಿಕ್ ಸಂಖ್ಯೆ ನೋಡಬೇಡಿ. ‘ಬೋರ್ಡೊ ದ್ರಾವಣ’ ಎಂಬ ಹುಡುಕಾಟಕ್ಕೆ ಯಾವ ಪುಟ ಬಂದಿತು ಎಂದು ನೋಡಿ. ದ್ರಾವಣದ ಉಪಲೇಖನ ಬಂದಿದ್ದರೆ ಗಡಿ ಸರಿಯಾಗಿದೆ. ಪಿಲ್ಲರ್ ಬಂದಿದ್ದರೆ ಅದು ಹೇಳಬಾರದ್ದನ್ನು ಹೇಳುತ್ತಿದೆ. ಆಗ ಕೊಂಡಿ ಕೂಡಿಸಿ ಉಪಯೋಗವಿಲ್ಲ, ಪಿಲ್ಲರ್‌ನಿಂದ ಎರಡು ಸಾಲು ತೆಗೆಯಬೇಕು.

ಎಲ್ಲವೂ ಗುಚ್ಛದೊಳಗೆ ಬರಬೇಕೆಂದೇನೂ ಇಲ್ಲ. ದಿನದ ಅಡಿಕೆ ಧಾರಣೆಯ ಪುಟಗಳು ಮಾರನೆಯ ದಿನ ಸತ್ತಂತೆ. ಅವುಗಳಿಂದ ಪಿಲ್ಲರ್‌ಗೆ ಕೊಂಡಿ ಇರಲಿ, ಪಿಲ್ಲರ್‌ನಿಂದ ದಿನದಿನದ ಪುಟಕ್ಕೆ ಬೇಡ. ಪ್ರತಿದಿನ ಒಂದೇ ವಿಳಾಸದಲ್ಲಿ ಹೊಸ ದರ ತೋರಿಸುವ ಒಂದು ಪುಟವಿದ್ದರೆ ಅದಕ್ಕೆ ಹಾಕಬಹುದು. ಕೋಕೋ ಬಗ್ಗೆ ಎರಡೇ ಲೇಖನ ಇರುವ ತಾಣ ಕೋಕೋ ಪಿಲ್ಲರ್ ಕಟ್ಟಲು ಹೊರಡಬಾರದು, ಕಂಬಕ್ಕೆ ಹೊರಲು ಏನೂ ಇರುವುದಿಲ್ಲ. ಐದಾರು ಬಿಡಿ ಪ್ರಶ್ನೆಗಳು ಕೂಡಿಕೊಳ್ಳುವ ತನಕ ಅವು ಅಡಿಕೆಯ ಮಿಶ್ರಬೆಳೆ ಭಾಗದಲ್ಲೇ ಇರಲಿ.

ನಿಜಕ್ಕೂ ತಲೆ ಕೆಡಿಸುವುದು ಕಾಳುಮೆಣಸು. ಅಡಿಕೆ ಮರಕ್ಕೆ ಹಬ್ಬಿಸಿದ ಮೆಣಸಿನ ಬಳ್ಳಿಯ ಲೇಖನ ಅಡಿಕೆಗೆ ಸೇರಬೇಕೋ ಕಾಳುಮೆಣಸಿಗೋ? ಎರಡು ಗುಚ್ಛಗಳಲ್ಲೂ ಒಂದೊಂದು ಲೇಖನ ಬರೆದುಬಿಡೋಣ ಎಂಬ ಆಸೆ ಹುಟ್ಟುತ್ತದೆ, ಬರೆದರೆ ಮತ್ತೆ ಅದೇ ಪೈಪೋಟಿ. ಲೇಖನ ಒಂದೇ ಇರಬೇಕು. ಅದರ ವಿಳಾಸವೂ ಪುಟದ ಮೇಲಿನ ದಾರಿಸೂಚಿಯೂ ಒಂದೇ ಮನೆಯನ್ನು ತೋರಿಸಬೇಕು. ಯಾವ ಮನೆ ಎಂಬುದನ್ನು ನಾನು ಪ್ರಶ್ನೆಯಿಂದಲೇ ತೀರ್ಮಾನಿಸುತ್ತೇನೆ. ಓದುಗನ ಬಳಿ ಅಡಿಕೆ ತೋಟ ಈಗಾಗಲೇ ಇದ್ದು, ಅದರಲ್ಲಿ ಇನ್ನೇನು ಬೆಳೆಯಬಹುದು ಎಂದು ಕೇಳುತ್ತಿದ್ದಾನೆ. ಆದ್ದರಿಂದ ಅಡಿಕೆ. ಕಾಳುಮೆಣಸಿನ ಪಿಲ್ಲರ್‌ನಲ್ಲಿ ಬಳ್ಳಿಗೆ ಯಾವ ಆಸರೆ ಮರ ಎಂಬ ಭಾಗ ಬರೆಯುವಾಗ ಅಡಿಕೆಗೆ ನಾಲ್ಕು ಸಾಲು ಕೊಟ್ಟು, ಬಳ್ಳಿಯನ್ನು ಮರಕ್ಕೆ ಕಟ್ಟುವ ಮಾತು ಬಂದ ಕೂಡಲೇ ನಿಲ್ಲಿಸಿ, ಅಲ್ಲಿಂದ ಈ ಲೇಖನಕ್ಕೆ ಕೊಂಡಿ ಹಾಕುತ್ತೇನೆ.